ಪ್ರತಿಯೂ ಖಾಲಿಯಾದರೆ ಏನು ಗತಿ?

ವಿದ್ಯಾರ್ಥಿನಿಯೊಬ್ಬಳ ಪ್ರಾಜೆಕ್ಟ್ ವರದಿ ಅಮೆಜಾನ್ ಕಂಪನಿಯ ಎಸ್-3 ಸೇವೆಯ ಒಂದು ಬಕೆಟ್‌ನಲ್ಲಿದೆ ಎನ್ನಿ. ಬಕೆಟ್ ಎಂದರೆ ದೂರದ ಗಣಕಯಂತ್ರದಲ್ಲಿ ನಮಗೆಂದೇ ಮೀಸಲಾದ ಉಗ್ರಾಣ. ಅದರಲ್ಲಿರುವುದನ್ನು ಪ್ರತಿ ರಾತ್ರಿ ಎರಡನೆಯ ಬಕೆಟ್‌ಗೆ ನಕಲು ಮಾಡುವ ಆಜ್ಞೆ ಇದು:

```
aws s3 sync s3://varadi-moola s3://varadi-prati
```

ಈ ಆಜ್ಞೆ ನೋಡುವುದು ಕಡತದ ಗಾತ್ರವನ್ನು ಮತ್ತು ಬದಲಾದ ವೇಳೆಯನ್ನು ಮಾತ್ರ. ಒಳಗೇನಿದೆ ಎಂಬುದು ಅದಕ್ಕೆ ಬೇಡ. ಆಕೆ ಕೈತಪ್ಪಿ ಅದೇ ಹೆಸರಿನಲ್ಲಿ ಖಾಲಿ ಕಡತ ಹಾಕಿದರೆ ರಾತ್ರಿ ಪ್ರತಿಯೂ ಖಾಲಿ. ಎರಡು ಕಡೆ ಇಟ್ಟಿದ್ದೇವೆಂಬ ಧೈರ್ಯ ಅಲ್ಲಿಗೆ ಮುಗಿಯಿತು!

ಎರಡನೆಯ ಬಕೆಟ್‌ನಲ್ಲಿ ಮೊದಲೇ 'ವರ್ಷನಿಂಗ್' ಚಾಲೂ ಮಾಡಿದ್ದರೆ ಕಥೆ ಬೇರೆ. ಆಗ ಹೊಸದು ಬಂದರೂ ಹಳೆಯದು ಅಳಿಯದೆ ಹಿಂದೆ ಉಳಿಯುತ್ತದೆ. ಬಕೆಟ್‌ನ ಪುಟದಲ್ಲಿ `Show versions` ಒತ್ತಿದರೆ ಎರಡೂ ಆವೃತ್ತಿಗಳು ದಿನಾಂಕ, ಗಾತ್ರಗಳ ಸಹಿತ ಕಾಣುತ್ತವೆ. ಗಾತ್ರ ಥಟ್ಟನೆ ಕುಸಿದಿದ್ದರೆ ಅದೇ ಸುಳಿವು. ಹಳೆಯ ಆವೃತ್ತಿಯನ್ನು ಇಳಿಸಿಕೊಂಡು ಮೂಲ ಬಕೆಟ್‌ಗೇ ಹಾಕಬೇಕು. ಪ್ರತಿಯನ್ನಷ್ಟೇ ಸರಿಪಡಿಸಿದರೆ, ಗಾತ್ರ ಹೊಂದದ ಕಾರಣ ಅಂದಿನ ರಾತ್ರಿಯೇ ಖಾಲಿ ಕಡತ ಮತ್ತೆ ಬಂದು ಕೂರುತ್ತದೆ.

ಖರ್ಚಿನ ಮಾತೂ ಇದೆ. 2 ಎಂಬಿ ವರದಿಯ ಹತ್ತು ಆವೃತ್ತಿ ಉಳಿದರೆ ಬಾಡಿಗೆ 20 ಎಂಬಿಗೆ. ಹಳೆಯವು 30 ದಿನದ ಬಳಿಕ ತಾವಾಗಿ ಅಳಿಯುವಂತೆ ಅಲ್ಲೇ ನಿಯಮ ಹಾಕಿಡಬಹುದು.