ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುವುದೇಕೆ?

ಸಣ್ಣ ಊರಿನ ಬಸ್‌ಸ್ಟ್ಯಾಂಡ್ ಪಕ್ಕದಲ್ಲಿ ಒಂದು ಡಿಟಿಪಿ ಅಂಗಡಿ ಇದೆ ಎಂದಿಟ್ಟುಕೊಳ್ಳೋಣ. ವರ್ಷಗಳಿಂದ ಅಲ್ಲಿದ್ದದ್ದು ಒಂದೇ ಕಂಪ್ಯೂಟರ್. ವ್ಯಾಪಾರ ಕುದುರಿದಾಗ ಮಾಲೀಕರು ಇನ್ನೂ ಮೂರು ತಂದು, ಅದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸುತ್ತಾರೆ. ಮಾರನೆಯ ದಿನದಿಂದ ತಕರಾರು ಶುರು. ಬರಿಗಾಲಲ್ಲಿ ನಿಂತು ಪೆನ್‌ಡ್ರೈವ್ ಹಾಕಲು ಹೋದವರಿಗೆ ಬೆರಳು ಜುಮ್ ಎನ್ನುತ್ತದೆ. ಕ್ಯಾಬಿನೆಟ್ ಮೇಲೆ ಮೆಲ್ಲಗೆ ಕೈ ಆಡಿಸಿದರೆ ನುಣುಪಾದ ತಗಡೂ ತರಿತರಿಯಾಗಿದೆ ಎನಿಸುತ್ತದೆ. ಹೊಸ ಮಾಲೇ ಸರಿಯಿಲ್ಲ ಎಂದು ಒಂದನ್ನು ಮಾರಿದವರ ಬಳಿಗೆ ಒಯ್ದರೆ, ಅಲ್ಲಿ ಶಾಕೂ ಇಲ್ಲ, ಏನೂ ಇಲ್ಲ. ಅಂಗಡಿಗೆ ತಂದರೆ ಮತ್ತೆ ಅದೇ ಕಥೆ.

ಇಲ್ಲಿ ಸುಳ್ಳು ಹೇಳುತ್ತಿರುವವರು ಯಾರೂ ಇಲ್ಲ. ಕಂಪ್ಯೂಟರ್ ಕೆಟ್ಟಿಲ್ಲ, ಶಾಕ್ ಹೊಡೆಯುತ್ತಿರುವುದೂ ನಿಜ.

ಕಾರಣ ಎಸ್‌ಎಂಪಿಎಸ್ ಡಬ್ಬಿಯೊಳಗಿದೆ. ಗೋಡೆಯಿಂದ ಬರುವ 230 ವೋಲ್ಟನ್ನು ಅದು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಮದರ್‌ಬೋರ್ಡಿಗೆ ಬೇಕಾದ 12, 5 ಮತ್ತು 3.3 ವೋಲ್ಟಿಗೆ ಇಳಿಸುತ್ತದೆ. ಈ ಕತ್ತರಿಸುವ ಕೆಲಸದಲ್ಲಿ ಹುಟ್ಟುವ ವಿದ್ಯುತ್ ಗದ್ದಲ ವೈರಿನ ಮೂಲಕ ಹೊರಗೆ ಹರಡಿದರೆ ಅಕ್ಕಪಕ್ಕದ ರೇಡಿಯೊ, ಟಿವಿಗಳಿಗೆ ತೊಂದರೆ. ಅದನ್ನು ತಡೆಯಲು ತಯಾರಕರು ಫೇಸ್‌ನಿಂದ ಕ್ಯಾಬಿನೆಟ್‌ಗೆ ಒಂದು, ನ್ಯೂಟ್ರಲ್‌ನಿಂದ ಕ್ಯಾಬಿನೆಟ್‌ಗೆ ಇನ್ನೊಂದು ಪುಟ್ಟ ಕೆಪಾಸಿಟರ್ ಹಾಕಿರುತ್ತಾರೆ. ಬಹಳಷ್ಟು ಎಸ್‌ಎಂಪಿಎಸ್‌ಗಳಲ್ಲಿ ಇವು ನೀಲಿ ಬಿಲ್ಲೆಗಳ ಹಾಗೆ ಕಾಣುತ್ತವೆ. ಮೇಲೆ 472 ಎಂದು ಬರೆದಿದ್ದರೆ ಅದರ ಅಳತೆ 4.7 ನ್ಯಾನೋಫ್ಯಾರಡ್. ಇವಕ್ಕೆ ವೈ ಕೆಪಾಸಿಟರ್ ಎಂದು ಹೆಸರು. ಕೆಟ್ಟರೂ ಶಾರ್ಟ್ ಆಗದ ಹಾಗೆ ಇವನ್ನು ವಿಶೇಷವಾಗಿ ತಯಾರಿಸಲಾಗುತ್ತದೆ.

ಮೂರನೇ ಪಿನ್ನಿನ ಅರ್ತ್ ಸರಿಯಾಗಿದ್ದರೆ ಈ ಕೆಪಾಸಿಟರುಗಳಿಂದ ಜಿನುಗುವ ಕರೆಂಟ್ ಯಾರಿಗೂ ತಿಳಿಯದಂತೆ ನೆಲ ಸೇರುತ್ತದೆ. ಅರ್ತ್ ಕಡಿದುಹೋಗಿದ್ದರೆ ಕ್ಯಾಬಿನೆಟ್ ಅತ್ತ ಫೇಸಿಗೂ ಇತ್ತ ನ್ಯೂಟ್ರಲ್‌ಗೂ ಸಮನಾಗಿ ಜೋತುಬಿದ್ದು, ಇಬ್ಬರು ಸರಿಸಮನಾಗಿ ಎಳೆಯುವ ಹಗ್ಗದ ನಡುಗಂಟಿನಂತೆ ಮಧ್ಯದಲ್ಲೇ ನಿಲ್ಲುತ್ತದೆ. 230ರ ಅರ್ಧ 115. ಅರ್ತ್ ಇಲ್ಲದ ಕಂಪ್ಯೂಟರಿನ ತಗಡಿಗೆ ಮಲ್ಟಿಮೀಟರ್ ಹಿಡಿದವರೆಲ್ಲ ನೂರು, ನೂರಹದಿನೈದು ವೋಲ್ಟ್ ನೋಡಿ ಹೌಹಾರುವುದು ಇದಕ್ಕೇ.

ವೋಲ್ಟೇಜ್ ಎಷ್ಟಿದ್ದರೂ ಮೈಯೊಳಗೆ ಹರಿಯುವ ಕರೆಂಟನ್ನು ಆ ಪುಟ್ಟ ಕೆಪಾಸಿಟರುಗಳೇ ಹಿಡಿದಿಡುತ್ತವೆ. 4.7 ನ್ಯಾನೋಫ್ಯಾರಡ್ ಬಿಲ್ಲೆ ಇರುವ ಒಂದು ಕಂಪ್ಯೂಟರಿನಿಂದ ಬರುವುದು ಹೆಚ್ಚೆಂದರೆ 0.34 ಮಿಲಿಆಂಪ್. ಮನುಷ್ಯರಿಗೆ ಕರೆಂಟ್ ಗೊತ್ತಾಗಲು ಶುರುವಾಗುವುದು ಸುಮಾರು ಅರ್ಧ ಮಿಲಿಆಂಪಿಗೆ. ಹಾಗಾಗಿ ಡಿಟಿಪಿ ಅಂಗಡಿಯಲ್ಲಿ ಒಂದೇ ಕಂಪ್ಯೂಟರ್ ಇದ್ದಾಗ, ಅರ್ತ್ ಇಲ್ಲದಿದ್ದರೂ ಯಾರೂ ದೂರಲಿಲ್ಲ. ನಾಲ್ಕಾದಾಗ ಲೆಕ್ಕ ಬದಲಾಯಿತು. ಒಂದೇ ಬೋರ್ಡಿನಲ್ಲಿ ಕೂತಿರುವ ನಾಲ್ಕರ ಅರ್ತ್ ಪಿನ್ನುಗಳೂ ಬೋರ್ಡಿನೊಳಗೆ ಒಂದಕ್ಕೊಂದು ಸೇರಿವೆ; ಮುಂದೆ ಗೋಡೆಯತ್ತ ಹೋಗುವ ತಂತಿ ಮಾತ್ರ ಕಡಿದಿದೆ. ಯಾವುದನ್ನು ಮುಟ್ಟಿದರೂ ನಾಲ್ಕರ ಸೋರಿಕೆ ಒಟ್ಟಾಗಿ, ಸುಮಾರು 1.4 ಮಿಲಿಆಂಪ್, ಮುಟ್ಟಿದವರ ಮೈಮೂಲಕ ನೆಲಕ್ಕೆ ಹೋಗುತ್ತದೆ. ಹೊಸ ಕಂಪ್ಯೂಟರುಗಳು ದೋಷ ತರಲಿಲ್ಲ, ಮೊದಲೇ ಇದ್ದ ದೋಷವನ್ನು ಬೆರಳಿಗೆ ತಿಳಿಯುವಷ್ಟು ಹೆಚ್ಚಿಸಿದವು. ಮಾರಿದವರ ಅಂಗಡಿಯಲ್ಲಿ ಅರ್ತ್ ಸರಿಯಿತ್ತು, ಅಷ್ಟೆ.

ಇಷ್ಟು ಕರೆಂಟ್ ಆರೋಗ್ಯವಂತರ ಜೀವಕ್ಕೆ ಅಪಾಯವಲ್ಲ. ಆದರೆ ಅದು ಹೇಳುತ್ತಿರುವ ಸುದ್ದಿ ಅಪಾಯದ್ದು. ಎಸ್‌ಎಂಪಿಎಸ್ ಒಳಗೆ ಫೇಸ್ ತಂತಿಯೇ ಕಳಚಿ ತಗಡಿಗೆ ತಾಗಿದ ದಿನ ಅದನ್ನು ನೆಲಕ್ಕೆ ಒಯ್ದು ಫ್ಯೂಸ್ ಹಾರಿಸಬೇಕಾದ ದಾರಿ ಇಲ್ಲ. ಆಗ 115ರ ಬದಲು ಪೂರ್ತಿ 230 ವೋಲ್ಟ್, ಅದನ್ನು ಹಿಡಿದಿಡಲು ಕೆಪಾಸಿಟರೂ ಇರುವುದಿಲ್ಲ. ಟೆಸ್ಟರಿನ ಪುಟ್ಟ ದೀಪಕ್ಕೆ ಈ ಎರಡರ ವ್ಯತ್ಯಾಸ ತಿಳಿಯದು; ಸೋರಿಕೆಗೂ ಉರಿಯುತ್ತದೆ, ನಿಜವಾದ ಫೇಸಿಗೂ ಉರಿಯುತ್ತದೆ.

ಇನ್ನು ಯಂತ್ರಕ್ಕೆ ಆಗುವ ಹಾನಿ. ಅರ್ತ್ ಇಲ್ಲದಿದ್ದರೆ ಮದರ್‌ಬೋರ್ಡ್ ಸುಡುತ್ತದೆ, ಹಾರ್ಡ್‌ಡಿಸ್ಕ್ ಹೋಗುತ್ತದೆ ಎಂಬ ಮಾತು ರಿಪೇರಿ ಅಂಗಡಿಗಳಲ್ಲಿ ಧಾರಾಳ. ಒಂಟಿಯಾಗಿ ನಿಂತ ಕಂಪ್ಯೂಟರಿನ ಮಟ್ಟಿಗೆ ಇದು ಹೆಚ್ಚುಕಡಿಮೆ ತಪ್ಪು. ಮದರ್‌ಬೋರ್ಡು ಕ್ಯಾಬಿನೆಟ್ ಜೊತೆಗೇ ಏರಿಳಿಯುವುದರಿಂದ ಅದಕ್ಕೆ ಸಿಗುವ 12 ವೋಲ್ಟ್ 12 ವೋಲ್ಟಾಗಿಯೇ ಇರುತ್ತದೆ. ಬ್ಯಾಟರಿಯ ಮೇಲೆ ನಡೆಯುವ ಲ್ಯಾಪ್‌ಟಾಪಿಗೆ ಯಾವ ಅರ್ತ್ ಇದೆ? ಕಂಪ್ಯೂಟರ್ ಸುಮ್ಮಸುಮ್ಮನೆ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ನೋಡಬೇಕಾದದ್ದು ಎಸ್‌ಎಂಪಿಎಸ್, ರ‍್ಯಾಮ್ ಮತ್ತು ಬಿಸಿ.

ಹಾನಿ ಆಗುವುದು ಎರಡು ಯಂತ್ರಗಳನ್ನು ಕೇಬಲ್ ಕೂಡಿಸುವ ಗಳಿಗೆಯಲ್ಲಿ. ಅದೇ ಅಂಗಡಿಯ ಗೋಡೆಯ ಮೇಲೆ ಟಿವಿ ಇದೆ, ಅದಕ್ಕೆ ಬಂದಿರುವ ಕೇಬಲ್ ಲೈನಿನ ಹೊರಹೆಣಿಗೆ ಎಲ್ಲೋ ನೆಲಕ್ಕೆ ತಾಗಿದೆ ಎನ್ನೋಣ. ಕಂಪ್ಯೂಟರಿನ ಚಿತ್ರ ಟಿವಿಯಲ್ಲಿ ಬರಲೆಂದು, ಎರಡೂ ಆನ್ ಇರುವಾಗಲೇ ಎಚ್‌ಡಿಎಂಐ ಕೇಬಲ್ ಚುಚ್ಚುತ್ತಾರೆ. ಚಿಟ್ ಎಂದು ಕಿಡಿ. ಕ್ಯಾಬಿನೆಟ್ ಮೇಲಿನ 115 ವೋಲ್ಟ್ ಏರಿಳಿತದ ತುದಿಯಲ್ಲಿ 160 ದಾಟುತ್ತದೆ. ನಾಲ್ಕು ಕಂಪ್ಯೂಟರುಗಳ ಬಿಲ್ಲೆಗಳಲ್ಲಿ ತುಂಬಿದ ಆ ಚಾರ್ಜ್ ಒಂದೇ ಚಣದಲ್ಲಿ ಕೇಬಲ್ಲಿನ ಮೂಲಕ ಟಿವಿಗೆ ಖಾಲಿಯಾಗುತ್ತದೆ. ಬೆರಳಿಗೆ ಇದು ಸಣ್ಣ ಕುಟುಕು. ಆದರೆ ಪೋರ್ಟಿನ ಹಿಂದಿರುವ ಚಿಪ್ಪು ಐದು ವೋಲ್ಟಿನೊಳಗೆ ಬಾಳುವಂಥದ್ದು.

ಇದನ್ನು ಬಲ್ಲ ವಿನ್ಯಾಸಕಾರರು ಎಚ್‌ಡಿಎಂಐ ಮತ್ತು ಯುಎಸ್‌ಬಿಯಲ್ಲಿ ಹೊರಗಿನ ತಗಡು ಮೊದಲು ತಾಗುವ ಹಾಗೆ ಮಾಡಿದ್ದಾರೆ. ಕಿಡಿ ಅಲ್ಲೇ ಹಾರಿ ಒಳಗಿನ ಪಿನ್ನುಗಳು ಬಚಾವಾಗಲಿ ಎಂಬುದು ಲೆಕ್ಕ. ಸಡಿಲವಾದ ಹಳೆಯ ಪೋರ್ಟು, ಓರೆಯಾಗಿ ತೂರಿಸಿದ ಪ್ಲಗ್ಗು ಈ ಲೆಕ್ಕವನ್ನು ಕೆಡಿಸುತ್ತವೆ. ಆಂಪ್ಲಿಫೈಯರಿಗೆ ಹಾಕುವ ಕೆಂಪು-ಬಿಳಿ ಆರ್‌ಸಿಎ ಪ್ಲಗ್ಗಿನಲ್ಲಂತೂ ಕ್ರಮವೇ ತಿರುವುಮುರುವು: ಮೊದಲು ತಾಗುವುದು ನಡುವಿನ ಸಿಗ್ನಲ್ ಕಡ್ಡಿ, ಆಮೇಲೆ ಹೊರಗಿನ ಉಂಗುರ. ಆ ಅರೆಗಳಿಗೆಯಲ್ಲಿ ಇಡೀ ಚಾರ್ಜ್ ಸಿಗ್ನಲ್ ದಾರಿಯಲ್ಲೇ ಓಡುತ್ತದೆ. ಕಂಪ್ಯೂಟರಿನ ಸೌಂಡ್ ಮಾತ್ರ ಸತ್ತು ಉಳಿದದ್ದೆಲ್ಲ ಸರಿಯಿದ್ದರೆ ಈ ದಾರಿಯನ್ನೂ ಶಂಕಿಸಬೇಕು. ಮಾಮೂಲಿ ಲ್ಯಾನ್ ಕೇಬಲ್ ಈ ಪೆಟ್ಟಿಗೆ ಸುಲಭವಾಗಿ ಸಿಗುವುದಿಲ್ಲ. ಅದರ ಎರಡೂ ತುದಿಯಲ್ಲಿ 1500 ವೋಲ್ಟ್ ತಾಳುವ ಪುಟ್ಟ ಟ್ರಾನ್ಸ್‌ಫಾರ್ಮರುಗಳು ಅಡ್ಡ ನಿಂತಿರುತ್ತವೆ.

ಕೇಬಲ್ ಕೂಡಿಸಿದ ಮೇಲೆ ಜುಮ್ ಎನ್ನುವುದು ನಿಂತುಹೋಗುತ್ತದೆ, ಎಲ್ಲರೂ ನೆಮ್ಮದಿಯಾಗುತ್ತಾರೆ. ಆದರೆ ಈಗ ನಾಲ್ಕು ಕಂಪ್ಯೂಟರುಗಳ ಅರ್ತ್ ಎಂದರೆ ಆ ತೆಳು ಎಚ್‌ಡಿಎಂಐ ಕೇಬಲ್ಲೇ. ಯಾವುದಾದರೊಂದರಲ್ಲಿ ಫೇಸ್ ತಗಡಿಗೆ ತಾಗಿದರೆ ಆ ಕರೆಂಟೆಲ್ಲ ಅದರೊಳಗೇ ನುಗ್ಗಿ, ಎರಡೂ ಕಡೆಯ ಪೋರ್ಟುಗಳನ್ನು ಸುಡುತ್ತದೆ. ಸ್ಪೈಕ್ ಬಸ್ಟರ್ ಇದೆಯಲ್ಲ ಎನ್ನುವಂತಿಲ್ಲ. ಅದರೊಳಗಿನ ಬಿಲ್ಲೆಗಳಲ್ಲಿ ಫೇಸ್-ನ್ಯೂಟ್ರಲ್ ನಡುವಿನದು ಅರ್ತ್ ಇಲ್ಲದೆಯೂ ಕೆಲಸ ಮಾಡುತ್ತದೆ. ಸಿಡಿಲಿನ ಹೊಡೆತವನ್ನು ನೆಲಕ್ಕೆ ತಳ್ಳಬೇಕಾದವಕ್ಕೆ ತಳ್ಳಲು ಜಾಗವೇ ಇರುವುದಿಲ್ಲ.

ದೋಷ ಎಲ್ಲಿದೆ ಎಂದು ಹುಡುಕುವಾಗ ಕಂಪ್ಯೂಟರಿನಿಂದ ಹೊರಮುಖವಾಗಿ ಹೋಗುವುದು ಸಲೀಸು. ಮೊದಲು ಪ್ಲಗ್ ಕಿತ್ತು, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಪ್ಲಗ್ಗಿನ ದಪ್ಪ ಪಿನ್ನಿಗೂ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಸ್ಕ್ರೂಗೂ ಹಿಡಿಯಬೇಕು. ಒಂದು ಓಮ್‌ಗಿಂತ ಕಡಿಮೆ ಬಂದರೆ ಕೇಬಲ್ ಸರಿ. ಉಳಿದೆರಡು ಪಿನ್ನುಗಳಿಗೂ ಕ್ಯಾಬಿನೆಟ್ಟಿಗೂ ನಡುವೆ ಏನೂ ತೋರಿಸಬಾರದು. ತೋರಿಸಿದರೆ ಅದು ನಿಜವಾದ ದೋಷ, ಆ ಎಸ್‌ಎಂಪಿಎಸ್ಸನ್ನು ಮತ್ತೆ ಚಾಲೂ ಮಾಡಬಾರದು. ಮುಂದಿನದು ಎಕ್ಸ್‌ಟೆನ್ಷನ್ ಬೋರ್ಡ್. ಮೂರು ತೂತಿನ ಬೋರ್ಡಿಗೆ ಎರಡೇ ತಂತಿಯ ವೈರ್ ಹಾಕಿರುವುದು ಸಾಮಾನ್ಯ. ಕೊನೆಯದು ಗೋಡೆಯ ಸಾಕೆಟ್. ಅಲ್ಲಿ ಕರೆಂಟ್ ಇರುವಾಗಲೇ ಅಳೆಯಬೇಕಾದ್ದರಿಂದ ಎಲೆಕ್ಟ್ರಿಷಿಯನ್ ಕರೆಸುವುದು ಲೇಸು. ಫೇಸ್-ನ್ಯೂಟ್ರಲ್ 230, ಫೇಸ್-ಅರ್ತ್ ಅದರ ಆಸುಪಾಸು, ನ್ಯೂಟ್ರಲ್-ಅರ್ತ್ ಒಂದೆರಡು ವೋಲ್ಟ್ ಬಂದರೆ ತಂತಿ ಕೂಡಿಕೊಂಡಿದೆ ಎಂದರ್ಥ. ಫೇಸ್-ಅರ್ತ್ 115ರ ಹತ್ತಿರ ಓಲಾಡುತ್ತಿದ್ದರೆ ಅರ್ತ್ ಕಡಿದಿದೆ.

ಇಲ್ಲಿ ಕೆಲವರು ಸಾಕೆಟ್ಟಿನೊಳಗೆ ನ್ಯೂಟ್ರಲ್‌ನಿಂದ ಅರ್ತ್ ತೂತಿಗೆ ಒಂದು ತುಂಡು ವೈರ್ ಹಾಕಿ ಕೈತೊಳೆದುಕೊಳ್ಳುತ್ತಾರೆ. ಶಾಕ್ ತಕ್ಷಣ ನಿಲ್ಲುತ್ತದೆ, ಮೀಟರ್ ಕೂಡ ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ಆದರೆ ಮುಂದೆಲ್ಲೋ ನ್ಯೂಟ್ರಲ್ ಕಡಿದ ದಿನ, ಆನ್ ಆಗಿರುವ ಒಂದು ದೀಪದ ಮೂಲಕವೇ ಪೂರ್ತಿ ವೋಲ್ಟೇಜ್ ಎಲ್ಲ ಕ್ಯಾಬಿನೆಟ್ಟುಗಳಿಗೂ ಬಂದು ಕೂರುತ್ತದೆ. ನೀರಿನ ಪೈಪಿಗೆ ಅರ್ತ್ ಕಟ್ಟುವುದೂ ಇಂಥದ್ದೇ: ಪೈಪು ನಡುವೆ ಎಲ್ಲಾದರೂ ಪಿವಿಸಿಯಾಗಿದ್ದರೆ ಕರೆಂಟ್ ನೆಲ ಸೇರದೆ, ನಲ್ಲಿ ತಿರುಗಿಸಿದವರಿಗೆ ಶಾಕ್ ಹೊಡೆಯುತ್ತದೆ.

ಜುಮ್ ಎನ್ನುವುದು ನಿಂತಿತೆಂದರೆ ಅರ್ತ್ ಗಟ್ಟಿಯಾಗಿದೆ ಎಂದೇನೂ ಅಲ್ಲ. ಒಂದೆರಡು ಮಿಲಿಆಂಪ್ ನೆಲ ಸೇರಲು ಒಣಗಿದ ಅರ್ತ್ ಗುಂಡಿಯೂ ಸಾಕು. ಕಲ್ಲು ನೆಲದ ಊರಿನಲ್ಲಿ ಬೇಸಿಗೆಗೆ ಗುಂಡಿಯ ರೋಧ 100 ಓಮ್ ಮುಟ್ಟಿದರೆ, ಫೇಸ್ ತಾಗಿದಾಗ ಹರಿಯುವುದು ಬರೀ 2.3 ಆಂಪ್. 6 ಆಂಪಿನ ಎಂಸಿಬಿ ಅದಕ್ಕೆ ಬೀಳುವುದೇ ಇಲ್ಲ, ಕ್ಯಾಬಿನೆಟ್ 230ರ ಹತ್ತಿರವೇ ನಿಂತಿರುತ್ತದೆ. ಗುಂಡಿಗೆ ಇದ್ದಿಲು, ಉಪ್ಪು ತುಂಬಿ ನೀರು ಹೊಯ್ಯುವ ರೂಢಿ ಬಂದದ್ದು ಈ ರೋಧವನ್ನು ಇಳಿಸಲೆಂದೇ. ಅರ್ತಿಂಗ್ ಕುರಿತ ಭಾರತೀಯ ಮಾನಕ ಐಎಸ್ 3043 ಪೈಪು ಎರಡೂವರೆ ಮೀಟರಿಗಿಂತ ಗಿಡ್ಡ ಇರಬಾರದು ಎನ್ನುವುದೂ ತೇವ ಇರುವ ಮಣ್ಣು ಮುಟ್ಟಲಿ ಎಂದೇ. ಗುಂಡಿಯ ನಿಜವಾದ ರೋಧವನ್ನು ಮಲ್ಟಿಮೀಟರ್ ಹೇಳಲಾರದು. ಅದಕ್ಕೆ ಎಲೆಕ್ಟ್ರಿಷಿಯನ್ನರ ಅರ್ತ್ ಟೆಸ್ಟರ್ ಬೇಕು. ಅದರ ಜೊತೆಗೆ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ ಕೂರಿಸಿದರೆ, ಎಂಸಿಬಿ ಗಮನಿಸದ ಆ 2.3 ಆಂಪಿಗೆ ಅದು ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ವೈರಿಂಗ್ ರಿಪೇರಿ ಮುಗಿಯುವ ತನಕ ಆ ಅಂಗಡಿಯವರು ಟಿವಿ, ಪ್ರಿಂಟರ್, ಆಂಪ್ಲಿಫೈಯರ್ ಯಾವುದನ್ನೇ ಕೂಡಿಸುವುದಿದ್ದರೂ ಎಲ್ಲದರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತು, ಟಿವಿಗೆ ಬಂದ ಕೇಬಲ್ ಲೈನನ್ನೂ ಬಿಚ್ಚಿಟ್ಟು, ಸಿಗ್ನಲ್ ಕೇಬಲ್ಲುಗಳನ್ನು ಹಾಕಿದ ಮೇಲೆಯೇ ಉಳಿದದ್ದನ್ನು ಸಿಕ್ಕಿಸಬೇಕು.