ಅತಿಥಿ ಉಪನ್ಯಾಸಕರನ್ನು ಕರೆಯುವ ಮುನ್ನ

‘ಮೇಡಂ, ಮಾರ್ಚ್ 8ಕ್ಕೆ ನಮ್ಮ ಕಂಪನಿಗೆ ಬಂದು ಒಂದು ಗಂಟೆ ಮಾತಾಡ್ತೀರಾ?’

ಕೆಲಸದ ಸ್ಥಳದಲ್ಲಿ ನಡೆಯುವ ಲೈಂಗಿಕ ಕಿರುಕುಳದ ಕಾನೂನು ಬಲ್ಲ ವಕೀಲರಿಗೆ ಫೆಬ್ರವರಿ ಕೊನೆಯ ವಾರದಲ್ಲಿ ಇಂಥ ಕರೆಗಳು ಸಾಲುಸಾಲಾಗಿ ಬರುತ್ತವೆ. ‘ಯಾರ ಮುಂದೆ ಮಾತಾಡಬೇಕು?’ ಎಂದು ಕೇಳಿದರೆ ‘ಎಲ್ಲರ ಮುಂದೆ’ ಎಂಬ ಉತ್ತರ. ವಿಷಯ ಏನೆಂದರೆ ‘ಮಹಿಳಾ ಸುರಕ್ಷತೆ, ನೀವೇ ನೋಡಿಕೊಂಡು ಹೇಳಿ ಮೇಡಂ’. ಗೌರವಧನದ ಮಾತು ಬರುವಷ್ಟರಲ್ಲಿ ಫೋನ್ ಇಟ್ಟಾಗಿರುತ್ತದೆ.

2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿ ಕಡೆಯೂ ಆಂತರಿಕ ಸಮಿತಿ ಇರಬೇಕು. ಅದರ 19ನೇ ಕಲಂ ಮಾಲೀಕರಿಗೆ ಎರಡು ಬಗೆಯ ತರಬೇತಿಯ ಹೊಣೆ ಹೊರಿಸಿದೆ: ನೌಕರರಿಗೆ ಅರಿವು ಕಾರ್ಯಕ್ರಮ, ಸಮಿತಿಯ ಸದಸ್ಯರಿಗೆ ಪ್ರತ್ಯೇಕ ಪರಿಚಯ ತರಬೇತಿ. ನಿಯತವಾಗಿ ನಡೆಸಬೇಕು ಎನ್ನುತ್ತದೆಯೇ ಹೊರತು ವರ್ಷಕ್ಕೆ ಇಷ್ಟೇ ಸಲ ಎಂದು ಕಲಂ ಹೇಳುವುದಿಲ್ಲ. ಎರಡನ್ನೂ ಒಂದೇ ಸಭಾಂಗಣದಲ್ಲಿ, ಒಂದೇ ಗಂಟೆಯಲ್ಲಿ ಮುಗಿಸಲು ಹೊರಡುವುದು ಎಚ್‌ಆರ್ ವಿಭಾಗಗಳು ಮಾಡುವ ಮೊದಲ ತಪ್ಪು.

ಅದು ಯಾಕೆ ತಪ್ಪು ಎಂಬುದಕ್ಕೆ ಗೋವಾ ವಿಶ್ವವಿದ್ಯಾಲಯದ ಪ್ರಕರಣ ನೋಡಬೇಕು. ಅಲ್ಲಿನ ಸಮಿತಿ 2009ರಲ್ಲಿ ಅವಸರದಿಂದ ವಿಚಾರಣೆ ಮುಗಿಸಿತ್ತು. ಆರೋಪಿಗೆ ತನ್ನ ವಾದ ಮಂಡಿಸಲು ಸರಿಯಾದ ಅವಕಾಶ ಸಿಗಲಿಲ್ಲವೆಂದು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ರದ್ದು ಮಾಡಿ, ವಿಚಾರಣೆಯನ್ನು ಮತ್ತೆ ನಡೆಸುವಂತೆ ಸಮಿತಿಗೇ ಕಳಿಸಿತು. ದೂರು ಕೊಟ್ಟವರಿಗೂ ದೂರಿಗೆ ಒಳಗಾದವರಿಗೂ ಹದಿನಾಲ್ಕು ವರ್ಷದ ಬಳಿಕ ಸಿಕ್ಕಿದ್ದು ಇದು. ಸಮಿತಿಯ ಸದಸ್ಯರಿಗೆ ನಿಯತವಾಗಿ ತರಬೇತಿ ಕೊಡಬೇಕೆಂದು ಅದೇ ತೀರ್ಪು ನಿರ್ದೇಶಿಸಿತು.

ಹಾಗಾಗಿ ಆಹ್ವಾನದಲ್ಲಿ ಮೊದಲು ತೀರ್ಮಾನವಾಗಬೇಕಾದ್ದು ಮುಂದೆ ಕೂರುವವರು ಯಾರು ಎಂಬುದು. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ, 180 ಜನ ಕೆಲಸ ಮಾಡುವ ಕಾರ್ಖಾನೆಯೊಂದನ್ನು ಊಹಿಸಿಕೊಳ್ಳಿ. ಅಲ್ಲಿ ಕೇಳುಗರ ಗುಂಪು ಮೂರು. ಯಂತ್ರದ ಮುಂದೆ ನಿಲ್ಲುವ ಕಾರ್ಮಿಕರು, ಅವರ ಮೇಲಿನ ಹದಿನೈದು ಸೂಪರ್‌ವೈಸರ್‌ಗಳು, ನಾಲ್ಕೈದು ಜನರ ಆಂತರಿಕ ಸಮಿತಿ.

ಕಾರ್ಮಿಕರಿಗೆ ಬೇಕಾದ್ದು ನೇರ ವಿಷಯ: ಯಾವುದು ಕಿರುಕುಳ, ದೂರು ಯಾರಿಗೆ ಕೊಡಬೇಕು, ಎಷ್ಟು ದಿನದೊಳಗೆ. ಘಟನೆ ನಡೆದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು ಎಂಬುದು ಅವರಿಗೆ ಗೊತ್ತಾಗಬೇಕು. ಸಮಿತಿಗೆ ಬೇಕಾದ್ದು ವಿಚಾರಣೆಯ ಕ್ರಮ: ನೋಟಿಸ್, ಸಾಕ್ಷಿ ಹೇಳಿಕೆ, 90 ದಿನದ ಗಡುವು, ವರದಿ ಬರೆಯುವ ರೀತಿ.

ಎಲ್ಲರೂ ಮರೆಯುವುದು ನಡುವಿನ ಗುಂಪನ್ನು. ಹೆಣ್ಣುಮಗಳೊಬ್ಬಳು ನೋವು ಹೇಳಿಕೊಳ್ಳುವುದು ಸಾಮಾನ್ಯವಾಗಿ ಮೊದಲು ಸೂಪರ್‌ವೈಸರ್ ಹತ್ತಿರವೇ. ಅವರೋ ಇಬ್ಬರನ್ನೂ ಕರೆದು ‘ಕ್ಷಮೆ ಕೇಳಯ್ಯಾ, ಇಲ್ಲಿಗೆ ಬಿಡು’ ಎಂದು ಪಂಚಾಯಿತಿ ಮಾಡಿ, ಅವಳ ಪಾಳಿ ಬದಲಿಸಿ ಒಳ್ಳೆಯದು ಮಾಡಿದೆವೆಂದುಕೊಳ್ಳುತ್ತಾರೆ. ರಾಜಿಗೆ ಕಾಯ್ದೆಯಲ್ಲಿ ಜಾಗ ಇದೆ, ಆದರೆ ಅದನ್ನು ನೊಂದ ಮಹಿಳೆಯೇ ಕೇಳಬೇಕು, ಸಮಿತಿಯ ಮೂಲಕವೇ ಆಗಬೇಕು, ಹಣ ಕೊಟ್ಟು ಮುಗಿಸುವಂತಿಲ್ಲ. ‘ಮಹಿಳಾ ಸುರಕ್ಷತೆ’ ಎಂಬ ತಲೆಬರಹದಡಿ ಬಂದ ಭಾಷಣದಲ್ಲಿ ಈ ಮಾತು ಬರುವ ಸಂಭವ ಕಡಿಮೆ. ‘ಕೆಲಸಗಾರ್ತಿ ನಿಮ್ಮ ಬಳಿ ದೂರು ಹೇಳಿದರೆ ಮೊದಲ ಒಂದು ಗಂಟೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು’ ಎಂದು ವಿಷಯ ಕೊಟ್ಟರೆ ಬಂದೇ ಬರುತ್ತದೆ.

ವಿಷಯದ ಜೊತೆಗೇ ಬರೆಯಬೇಕಾದ ಇನ್ನೊಂದು ಸಾಲಿದೆ. ಕಂಪನಿಯಲ್ಲಿ ಈಗ ವಿಚಾರಣೆಯಲ್ಲಿರುವ ಅಥವಾ ಹಿಂದೆ ಮುಗಿದ ಯಾವ ದೂರನ್ನೂ ಉದಾಹರಣೆಯಾಗಿ ಬಳಸಬಾರದು. ದೂರುದಾರರ, ಸಾಕ್ಷಿಗಳ ಗುರುತು ಬಹಿರಂಗವಾಗುವುದನ್ನು ಕಾಯ್ದೆ ನಿಷೇಧಿಸುತ್ತದೆ. ಹೆಸರು ಹೇಳದಿದ್ದರೂ ‘ಹೋದ ವರ್ಷ ಪ್ಯಾಕಿಂಗ್ ವಿಭಾಗದಲ್ಲಿ’ ಎಂದರೆ ಸಾಕು, ಸಭೆಯಲ್ಲಿ ಕುಳಿತವರೆಲ್ಲ ಒಬ್ಬಳ ಕಡೆ ತಿರುಗುತ್ತಾರೆ.

ಇನ್ನು ದಿನಾಂಕ. ಮಾರ್ಚ್ 8ರ ಆಸುಪಾಸಿನಲ್ಲಿ ಈ ವಿಷಯದ ತಜ್ಞರು ಸಿಗುವುದು ಕಷ್ಟ, ಸಿಕ್ಕರೂ ಒಂದೇ ದಿನ ಮೂರು ಕಡೆ ಓಡುತ್ತಿರುತ್ತಾರೆ. ತಿಂಗಳ ಕೊನೆಯಲ್ಲಿ ಸರಕು ಕಳಿಸುವ ಧಾವಂತ. ನಮ್ಮ ಪೀಣ್ಯದ ಕಾರ್ಖಾನೆಯಲ್ಲಿ ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10ಕ್ಕೆ ಪಾಳಿ ಬದಲಾಗುತ್ತದೆ. ಬೆಳಿಗ್ಗೆ 11ಕ್ಕೆ ಸಭೆ ಇಟ್ಟರೆ ಮೊದಲ ಪಾಳಿಯವರಷ್ಟೇ ಸಿಗುತ್ತಾರೆ, ರಾತ್ರಿ ದುಡಿದವರನ್ನು ಉಳಿಸಿಕೊಂಡರೆ ತೂಕಡಿಸುತ್ತಾರೆ. ಮಧ್ಯಾಹ್ನ 12.45ಕ್ಕೆ ಮೊದಲ ಪಾಳಿಗೊಂದು, 2.15ಕ್ಕೆ ಎರಡನೇ ಪಾಳಿಗೊಂದು ಅವಧಿ ಇಡುವುದು ಸರಿಯಾದ ದಾರಿ. ವಾರಕ್ಕೊಮ್ಮೆ ಪಾಳಿ ತಿರುಗುವುದರಿಂದ, ಮುಂದಿನ ವಾರ ಅದೇ ಹೊತ್ತಿಗೆ ಮತ್ತೊಂದು ಅವಧಿ ನಡೆಸಿದರೆ ರಾತ್ರಿಯವರೂ ಹಗಲಿಗೆ ಬಂದಿರುತ್ತಾರೆ. ಅದೇ ಎರಡನೇ ಭೇಟಿಯಲ್ಲಿ ಸೂಪರ್‌ವೈಸರ್‌ಗಳ ಮತ್ತು ಸಮಿತಿಯ ತರಬೇತಿಯನ್ನು ಬೇರೆಬೇರೆಯಾಗಿ ಮುಗಿಸಬಹುದು. ಹೀಗೆ ಎರಡು ದಿನವೆಂದು ಮೊದಲೇ ತಿಳಿಸಿದರೆ ಗೌರವಧನದ ಲೆಕ್ಕವೂ ಸಲೀಸು.

ಹಣದ ಮಾತಿಗೆ ಸಂಕೋಚ ಎರಡೂ ಕಡೆ. ಕರೆಯುವವರಿಗೆ ‘ಎಷ್ಟು’ ಎಂದು ಕೇಳಲು ಮುಜುಗರ, ಬರುವವರಿಗೆ ‘ಇಷ್ಟು’ ಎನ್ನಲು ಮುಜುಗರ. ಕೊನೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಜೊತೆಗೊಂದು ಲಕೋಟೆ. ಮೊತ್ತ ಅವಧಿಗೋ ದಿನಕ್ಕೋ, ಪ್ರಯಾಣದ ಖರ್ಚು ಅದರಲ್ಲೇ ಸೇರಿದೆಯೋ ಇಲ್ಲವೋ, ಎಷ್ಟು ದಿನದಲ್ಲಿ ಖಾತೆಗೆ ಬರುತ್ತದೆ ಎಂಬುದನ್ನು ಪತ್ರದಲ್ಲೇ ಬರೆದರೆ ಈ ಪೇಚಾಟ ತಪ್ಪುತ್ತದೆ.

ಜಗಳ ಹುಟ್ಟುವ ಇನ್ನೊಂದು ಜಾಗ ಟಿಡಿಎಸ್. ವೃತ್ತಿಪರರ ಶುಲ್ಕದ ಮೇಲೆ ಕಂಪನಿ ಶೇ 10ರಷ್ಟು ತೆರಿಗೆ ಹಿಡಿಯಬೇಕು. ಒಂದೇ ಹಣಕಾಸು ವರ್ಷದಲ್ಲಿ ಒಬ್ಬರಿಗೆ ಕೊಟ್ಟ ಮೊತ್ತ ₹50,000 ದಾಟುವವರೆಗೆ ಹಿಡಿಯಬೇಕಿಲ್ಲ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ ₹30,000 ಇತ್ತು. ವಕೀಲರು ಸಲಕ್ಕೆ ₹15,000ದಂತೆ ವರ್ಷದಲ್ಲಿ ನಾಲ್ಕು ಸಲ ಬಂದರು ಎನ್ನೋಣ. ಮೊದಲ ಮೂರು ಸಲ ಪೂರ್ತಿ ಹಣ ಸಿಕ್ಕಿತು. ನಾಲ್ಕನೆಯದರಲ್ಲಿ ಒಟ್ಟು ₹60,000 ಆಗಿ ಮಿತಿ ದಾಟಿತು, ಆಗ ಪೂರ್ತಿ ಮೊತ್ತದ ಮೇಲಿನ ತೆರಿಗೆ ₹6,000 ಒಟ್ಟಿಗೇ ಕಡಿತವಾಗಿ ಅವರ ಕೈಗೆ ಬಂದದ್ದು ₹9,000. ಮೊದಲೇ ಹೇಳಿರದಿದ್ದರೆ ಯಾರಿಗಾದರೂ ಮೋಸವಾಯಿತೆಂದೇ ಅನಿಸುತ್ತದೆ. ಪ್ಯಾನ್ ಸಂಖ್ಯೆ ಕೊಡದಿದ್ದರೆ ಕಡಿತ ಶೇ 20.

ಇಷ್ಟೆಲ್ಲ ಸೇರಿದರೂ ಪತ್ರ ಅರ್ಧ ಪುಟ ಮೀರಬೇಕಿಲ್ಲ:

‘ಮಾನ್ಯರೇ, ನಮ್ಮ ಕಾರ್ಖಾನೆಯ 15 ಸೂಪರ್‌ವೈಸರ್‌ಗಳಿಗೆ, ಕೆಲಸಗಾರ್ತಿಯೊಬ್ಬರು ಕಿರುಕುಳದ ದೂರು ಹೇಳಿದಾಗ ಹೇಗೆ ನಡೆದುಕೊಳ್ಳಬೇಕು ಎಂಬ ವಿಷಯದ ಮೇಲೆ ಎರಡು ಗಂಟೆಯ ತರಬೇತಿ ನಡೆಸಿಕೊಡಬೇಕೆಂದು ಕೋರುತ್ತೇವೆ. ಇವರಲ್ಲಿ ನಾಲ್ವರು ಹಿಂದಿ ಮಾತ್ರ ಬಲ್ಲವರು, ಉಳಿದವರಿಗೆ ಕನ್ನಡ. ಜುಲೈ ಎರಡನೇ ವಾರದ ಮಂಗಳವಾರ ಅಥವಾ ಗುರುವಾರದಲ್ಲಿ ತಮಗೆ ಅನುಕೂಲವಾದ ದಿನ ತಿಳಿಸಿ. ಗೌರವಧನ ₹15,000, ಅನ್ವಯವಾದರೆ ಟಿಡಿಎಸ್ ಕಡಿತ. ಕಾರಿನ ವ್ಯವಸ್ಥೆ ನಮ್ಮದು. ಹಣ ಏಳು ದಿನದೊಳಗೆ ತಮ್ಮ ಖಾತೆಗೆ ಜಮೆಯಾಗುತ್ತದೆ. ಕಂಪನಿಯ ಯಾವುದೇ ನಿಜ ದೂರು ಚರ್ಚೆಗೆ ಬಾರದಂತೆ ನೋಡಿಕೊಳ್ಳಬೇಕಾಗಿ ವಿನಂತಿ.’

ತರಬೇತಿ ಮುಗಿದ ಮೇಲೆ ಉಳಿಯುವುದು ಸಹಿ ಮಾಡಿದ ಹಾಜರಿ ಪಟ್ಟಿ. ಆಂತರಿಕ ಸಮಿತಿಯ ವಾರ್ಷಿಕ ವರದಿಯಲ್ಲಿ ಎಷ್ಟು ದೂರು ಬಂದವು ಎಂಬುದರ ಜೊತೆಗೆ ಎಷ್ಟು ಕಾರ್ಯಾಗಾರ ನಡೆದವು ಎಂದೂ ತೋರಿಸಬೇಕಾಗುತ್ತದೆ. ಎಲ್ಲರನ್ನೂ ಒಟ್ಟಿಗೆ ಕೂರಿಸಿದ ಕಾರ್ಖಾನೆಯ ವರದಿಯಲ್ಲಿ ಆ ಜಾಗದಲ್ಲಿ 1 ಎಂದಿರುತ್ತದೆ. ಪೀಣ್ಯದ ನಮ್ಮ ಕಾರ್ಖಾನೆಯ ವರದಿಯಲ್ಲಿ 5 ಇರುತ್ತದೆ: ಕಾರ್ಮಿಕರಿಗೆ ಮೂರು, ಸೂಪರ್‌ವೈಸರ್‌ಗಳಿಗೆ ಒಂದು, ಸಮಿತಿಗೆ ಒಂದು.