ಹೊಲಿಗೆ ಬಿಚ್ಚೀತೆಂಬ ಭಯ

ಹೆರಿಗೆ ನೋವನ್ನೇ ತಡೆದುಕೊಂಡವಳು ಕಕ್ಕಸಿಗೆ ಹೋಗಲು ಹೆದರುತ್ತಾಳೆಂದರೆ ಮನೆಯವರಿಗೆ ನಗು ಬರಬಹುದು. ಬಾಣಂತಿಗೆ ಅದು ನಗುವ ಮಾತಲ್ಲ. ಮೂತ್ರ ತಾಗಿದರೂ ಉರಿಯುವ ಜಾಗ. ಅಲ್ಲಿ ಮುಕ್ಕಿದರೆ ಹೊಲಿಗೆ ಬಿಚ್ಚಿಹೋದರೆ? ಈ ಭಯವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ನರ್ಸ್ ಕೇಳಿದರೆ ಮೋಷನ್ ಆಯಿತೆಂದು ಸುಮ್ಮನೆ ತಲೆಯಾಡಿಸಿಬಿಡುವವರೂ ಇದ್ದಾರೆ.

ಮೊದಲು ಆ ಹೊಲಿಗೆ ಎಲ್ಲಿದೆ ಎಂದು ತಿಳಿದರೆ ಅರ್ಧ ಹೆದರಿಕೆ ಇಳಿಯುತ್ತದೆ. ಮಗುವಿಗೆ ದಾರಿ ಮಾಡಲು ಡಾಕ್ಟರು ಹಾಕುವ ಕೊಯ್ತ ಸಾಮಾನ್ಯವಾಗಿ ಓರೆಯಾಗಿ ಪಕ್ಕಕ್ಕೆ, ಗುದದಿಂದ ದೂರ ಸರಿಯುವಂತೆ ಇರುತ್ತದೆ. ಒಳಪದರ, ಸ್ನಾಯು, ಚರ್ಮ ಎಂದು ಪದರಪದರವಾಗಿ, ತಾನಾಗಿ ಕರಗುವ ದಾರದಲ್ಲಿ ಹೊಲಿದಿರುತ್ತಾರೆ. ಮಲ ಬರುವ ದಾರಿ ಬೇರೆ, ಹೊಲಿಗೆಯ ಜಾಗ ಬೇರೆ. ಒಂದು ಸಲ ಕಕ್ಕಸಿಗೆ ಹೋದ ಮಾತ್ರಕ್ಕೆ ಅದು ಬಿಚ್ಚುವುದಿಲ್ಲ.

ಕಾಟ ಕೊಡುವುದು ತಡೆಹಿಡಿಯುವ ಅಭ್ಯಾಸ. ಸೋಮವಾರ ರಾತ್ರಿ ಹೆತ್ತ ಒಬ್ಬಳನ್ನು ಊಹಿಸಿಕೊಳ್ಳಿ. ಹೆರಿಗೆಯ ದಿನ ಸರಿಯಾಗಿ ಉಂಡಿಲ್ಲ, ಹಾಗಾಗಿ ಮಂಗಳವಾರ, ಬುಧವಾರ ಏನೂ ಆಗದಿದ್ದರೂ ಚಿಂತೆಯಿಲ್ಲ. ಗುರುವಾರ ತವರಿನಲ್ಲಿ ಬೆಳಗ್ಗೆ ಬಂದ ಒತ್ತಡವನ್ನು ಹೆದರಿ ತಡೆದಳು. ಅದು ಹೋಯಿತು, ಆದರೆ ಮಲ ಅಲ್ಲೇ ಉಳಿಯಿತು. ಕರುಳು ಅದರ ನೀರನ್ನು ಹೀರುತ್ತಲೇ ಇರುತ್ತದೆ. ಶನಿವಾರದ ಹೊತ್ತಿಗೆ ಅದು ಗಟ್ಟಿ ಉಂಡೆ. ಈಗ ನಿಜವಾಗಿಯೂ ತಿಣುಕಬೇಕು, ನಿಜವಾಗಿಯೂ ನೋಯುತ್ತದೆ. ಗರ್ಭದ ಭಾರಕ್ಕೆ ಊದಿಕೊಂಡು, ಹೆರಿಗೆಯಲ್ಲಿ ಮುಕ್ಕಿ ಹೊರಬಂದ ಪೈಲ್ಸ್ ಇದ್ದರಂತೂ ರಕ್ತವೂ ಕಾಣುತ್ತದೆ. ಭಾನುವಾರ ಅವಳು ಇನ್ನೂ ಬಿಗಿಹಿಡಿಯುತ್ತಾಳೆ.

ಇದಕ್ಕೆ ನಮ್ಮ ಬಾಣಂತನವೂ ಕೈಜೋಡಿಸುತ್ತದೆ. ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪದ ಅನ್ನ ರುಚಿಯೂ ಹೌದು, ಬೇಡವೆನ್ನಬೇಕಿಲ್ಲ. ಆದರೆ ‘ನೀರು ಕುಡಿದರೆ ಹೊಟ್ಟೆ ಬರುತ್ತೆ’ ಎಂದು ಲೋಟ ಕಸಿದುಕೊಳ್ಳುವುದು, ‘ಶೀತ’ ಎಂದು ಸೊಪ್ಪು, ಹಣ್ಣು ನಿಲ್ಲಿಸುವುದು ಸರಿಯಲ್ಲ. ಹಾಲಿಗೂ ನೀರು ಬೇಕು, ಕರುಳಿಗೂ ಬೇಕು. ಮೇಲೆ ಕಬ್ಬಿಣಾಂಶದ ಮಾತ್ರೆ ಬೇರೆ. ಅದೂ ಮಲವನ್ನು ಗಟ್ಟಿ ಮಾಡುತ್ತದೆ. ಮಾತ್ರೆ ಬಿಡುವಂತಿಲ್ಲ, ನೀರು ಹೆಚ್ಚಿಸಬೇಕು. ತಣ್ಣೀರಿಗೆ ಅಜ್ಜಿ ಒಪ್ಪದಿದ್ದರೆ ಬಿಸಿನೀರೇ ಆಗಲಿ, ಮಗು ಹಾಲು ಕುಡಿಯುವಾಗಲೆಲ್ಲ ಒಂದು ಲೋಟ.

ಮೊದಲ ಮೋಷನ್ ಆಗುವ ಮುಂಚೆಯೇ ಮಲ ಮೆತ್ತಗಾಗಬೇಕು. ಲ್ಯಾಕ್ಟುಲೋಸ್ ಸಿರಪ್ಪನ್ನು ಡಾಕ್ಟರು ಸಾಮಾನ್ಯವಾಗಿ 15 ಮಿಲಿಯಂತೆ ದಿನಕ್ಕೆ ಎರಡು ಸಲ ಬರೆಯುತ್ತಾರೆ. ಹಾಲುಣಿಸುವವರಿಗೂ ಅದು ಸುರಕ್ಷಿತ. ಕೆಲಸ ಮಾಡಲು ಒಂದೆರಡು ದಿನ ಬೇಕು, ಆದ್ದರಿಂದ ನಾಲ್ಕನೇ ದಿನ ಒದ್ದಾಡುತ್ತಾ ಕೇಳುವ ಬದಲು ಹೆರಿಗೆಯ ಮರುದಿನವೇ ಕೇಳುವುದು ಒಳ್ಳೆಯದು. ಇಸಬ್ಗೋಲ್ ಕೂಡ ಆಗುತ್ತದೆ, ಆದರೆ ತುಂಬು ಲೋಟ ನೀರಿಲ್ಲದೆ ನುಂಗಿದರೆ ಅದೇ ಕಟ್ಟಿಕೊಳ್ಳುತ್ತದೆ. ಹರಳೆಣ್ಣೆ ಬೇಡ. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ ಎಂದು ಕೇಳಿ. ಟ್ರಮಡಾಲ್‌ನಂಥ ಮಾತ್ರೆಗಳು ಮಲವನ್ನು ಕಟ್ಟಿಸುತ್ತವೆ.

ಹೋಗುವ ಹೊತ್ತೂ ಮುಖ್ಯ. ತಿಂಡಿ ಹೊಟ್ಟೆಗೆ ಬಿದ್ದು ಅರ್ಧ ಗಂಟೆಯೊಳಗೆ ಕರುಳು ತಾನಾಗಿ ಚಲಿಸುತ್ತದೆ. ಆಗ ಮಗುವನ್ನು ಯಾರಾದರೂ ಎತ್ತಿಕೊಳ್ಳಲಿ, ಬಾಗಿಲು ಬಡಿಯದಿರಲಿ. ಕಮೋಡಿನ ಮೇಲೆ ಕುಳಿತು ಪಾದದಡಿ ಒಂದು ಮಣೆ ಇಟ್ಟುಕೊಂಡರೆ ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತದೆ, ಮಲದ ದಾರಿ ನೇರವಾಗುತ್ತದೆ. ಮೊಣಕೈಯನ್ನು ತೊಡೆಗೆ ಊರಿ ಮುಂದಕ್ಕೆ ಬಾಗಿ. ಒಂದು ಹೊಸ ಪ್ಯಾಡನ್ನು ಮಡಚಿ, ಮುಂದಿನಿಂದ ಕೈಯಿಟ್ಟು ಹೊಲಿಗೆಯ ಮೇಲೆ ಮೆಲ್ಲಗೆ ಒತ್ತಿ ಹಿಡಿಯಿರಿ. ಹರಿದೀತೆಂಬ ಎಳೆತ ಅಲ್ಲಿಗೆ ಕಡಿಮೆಯಾಗುತ್ತದೆ. ಉಸಿರು ಕಟ್ಟಿ ಮುಕ್ಕಬೇಡಿ. ಬಾಯಿ ತೆರೆದು ಉಸಿರು ನಿಧಾನವಾಗಿ ಬಿಡುತ್ತಾ ಹೊಟ್ಟೆಯನ್ನು ಸಡಿಲಬಿಡಿ. ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದುಬನ್ನಿ, ಕುಳಿತಷ್ಟೂ ಪೈಲ್ಸ್ ಊದುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಮುಂದಿನಿಂದ ಹಿಂದಕ್ಕೆ ತೊಳೆದು, ಒರೆಸದೆ ಮೆಲ್ಲಗೆ ಒತ್ತಿ ಒಣಗಿಸಿ.

ಪೈಲ್ಸ್ ಇದ್ದವರಿಗೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಡುವುದು, ಅಗಲವಾದ ಟಬ್ಬಿನ ಬೆಚ್ಚನೆ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕೂರುವುದು ಹಿತ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಅದು ಕುಗ್ಗುತ್ತದೆ. ಮಲದ ಮೇಲೆ ಕಾಣುವ ಕೆಂಪು ರಕ್ತ ಸಾಮಾನ್ಯವಾಗಿ ಅಲ್ಲಿಯದೇ, ಆದರೂ ಒಮ್ಮೆ ಡಾಕ್ಟರಿಗೆ ತೋರಿಸಿ.

ಹರಿತ ಗುದದ ಸ್ನಾಯುವಿನವರೆಗೂ ಹೋಗಿದ್ದರೆ ಲೆಕ್ಕ ಬೇರೆ. ಹಾಗಾಗಿದೆಯೇ ಎಂದು ಡಿಸ್ಚಾರ್ಜ್ ಮುಂಚೆ ಕೇಳಿ ತಿಳಿದುಕೊಳ್ಳಿ. ಅಂಥವರು ಮನೆಯಲ್ಲಿ ಎನಿಮಾ, ಗುದಕ್ಕಿಡುವ ಮಾತ್ರೆ ಬಳಸಬಾರದು. ಯಾರಿಗೇ ಆಗಲಿ, ನಾಲ್ಕು ದಿನವಾದರೂ ಮೋಷನ್ ಆಗದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಜ್ವರ, ಕೆಟ್ಟ ವಾಸನೆ, ಕೀವು, ಹೊಲಿಗೆ ಬಾಯಿಬಿಟ್ಟಂತೆ ಕಾಣುವುದು, ಗುದದ ಬಳಿ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಅತಿಯಾಗಿ ನೋಯುವ ಗಂಟು, ಗಾಳಿ ಅಥವಾ ಮಲ ತಡೆಯಲಾಗದಿರುವುದು, ಇವುಗಳಲ್ಲಿ ಯಾವುದಿದ್ದರೂ ಅಂದೇ ಆಸ್ಪತ್ರೆಗೆ ಹೋಗಬೇಕು.